ಮಣ್ಣಿನ ಚೀಟಿ ನೋಡಿ ಗೊಬ್ಬರ ಅಳೆಯುವ ಬಗೆ



ಮಣ್ಣು ಪರೀಕ್ಷೆ ಮಾಡಿಸಿದ ಚೀಟಿ ಈಗ ಅನೇಕರ ಮನೆಯಲ್ಲಿದೆ. ಆದರೆ ಬಿತ್ತನೆಯ ಹೊತ್ತಿಗೆ ಗೊಬ್ಬರದ ಅಂಗಡಿಗೆ ಹೋದಾಗ ಕೇಳುವುದು ಹೋದ ವರ್ಷ ತಂದಷ್ಟೇ ಮೂಟೆ, ಇಲ್ಲವೆ ಪಕ್ಕದ ಹೊಲದವರು ತಂದಷ್ಟೇ ಮೂಟೆ. ಚೀಟಿಯ ಅಂಕಿಗಳನ್ನು ಮೂಟೆಯ ಲೆಕ್ಕಕ್ಕೆ ಇಳಿಸುವ ಬಗೆ ತಿಳಿಯದಿರುವುದೇ ಇದಕ್ಕೆ ಕಾರಣ. ಒಂದು ಎಕರೆ ಖುಷ್ಕಿ ರಾಗಿಯನ್ನು ತೆಗೆದುಕೊಂಡು ಆ ಲೆಕ್ಕವನ್ನು ಇಲ್ಲಿ ಮಾಡೋಣ.

ಮೊದಲು ಆ ಚೀಟಿ ಯಾರ ಮಣ್ಣಿನದು ಎಂಬುದನ್ನು ವಿಚಾರಿಸಿಕೊಳ್ಳಿ. 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಆರಂಭವಾದಾಗ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿಯಂತೆ ಮಣ್ಣು ತೆಗೆಯುವುದೆಂದು ಗೊತ್ತುಮಾಡಿದ್ದರು. 10 ಹೆಕ್ಟೇರ್ ಎಂದರೆ 25 ಎಕರೆ. ಅಷ್ಟರಲ್ಲಿ ಹತ್ತು ಮಂದಿಯ ಹೊಲಗಳಿರಬಹುದು; ಹತ್ತು ಮಂದಿಗೂ ಒಂದೇ ಫಲಿತಾಂಶ. ವರ್ಷವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿದವನ ಹೊಲಕ್ಕೂ ಹಾಕದವನ ಹೊಲಕ್ಕೂ ಒಂದೇ ಅಂಕಿ ಹೇಗೆ ಸರಿಹೋದೀತು? ನಿಮ್ಮದು ಅಂಥ ಚೀಟಿಯಾದರೆ, ಅಥವಾ ಮೂರು ವರ್ಷಕ್ಕಿಂತ ಹಳೆಯದಾದರೆ, ನಿಮ್ಮ ತಾಕಿನ ಮಣ್ಣನ್ನೇ ಹೊಸದಾಗಿ ತೆಗೆದು ಕೊಡುವುದು ಮೇಲು.

ಮಣ್ಣು ತೆಗೆಯುವುದನ್ನು ಸಣ್ಣ ಕೆಲಸವೆಂದು ಎಣಿಸಬೇಡಿ. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದವರೆಗಿನ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುವುದು. ಪ್ರಯೋಗಶಾಲೆಯವರು ಒಂದೊಂದು ಪರೀಕ್ಷೆಗೆ ಬಳಸುವುದು ಕೆಲವೇ ಗ್ರಾಂ. ಆ ಚಿಟಿಕೆ ಮಣ್ಣು ಇಡೀ ಹೊಲದ ಪರವಾಗಿ ಮಾತನಾಡಬೇಕಾದರೆ ಹೊಲದ ಎಲ್ಲ ಕಡೆಯಿಂದಲೂ ಅದು ಬಂದಿರಬೇಕು. ಬೆಳೆ ಕೊಯ್ದ ಮೇಲೆ, ಮುಂದಿನ ಬೆಳೆಗೆ ಯಾವ ಗೊಬ್ಬರವನ್ನೂ ಹಾಕುವುದಕ್ಕೆ ಮುಂಚೆ, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಗುರುತು ಮಾಡಿ. ಬದುವಿನ ಅಂಚು, ಮರದ ನೆರಳು, ತಿಪ್ಪೆ ಹಾಕಿದ್ದ ಜಾಗ, ಕಸ ಸುಟ್ಟ ಜಾಗ ಇವುಗಳನ್ನು ಬಿಡಿ. ಪ್ರತಿ ಗುರುತಿನಲ್ಲೂ ಮೇಲಿನ ಕಸಕಡ್ಡಿ ಸರಿಸಿ, ಗುದ್ದಲಿಯಿಂದ ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ V ಅಕ್ಷರದಂತೆ ಗುಂಡಿ ತೆಗೆಯಿರಿ. ಗುಂಡಿಯ ಒಂದು ಪಕ್ಕದಿಂದ ಮೇಲಿನಿಂದ ತಳದವರೆಗೆ ಒಂದು ಅಂಗುಲ ದಪ್ಪದ ಹೋಳನ್ನು ಕೆತ್ತಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಎಲ್ಲವನ್ನೂ ಚೊಕ್ಕಟ ಬಟ್ಟೆಯ ಮೇಲೆ ಸುರಿದು, ಹೆಂಟೆ ಪುಡಿಮಾಡಿ, ಚೆನ್ನಾಗಿ ಬೆರೆಸಿ ಹರಡಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಸಾಡಿ. ಉಳಿದುದನ್ನು ಮತ್ತೆ ಬೆರೆಸಿ ಹಾಗೆಯೇ ಮಾಡಿ. ಕೊನೆಗೆ ಅರ್ಧ ಕಿಲೋ ಉಳಿದರೆ ಸಾಕು. ನೆರಳಿನಲ್ಲಿ ಒಣಗಿಸಿ, ಹೆಸರು, ಸರ್ವೆ ನಂಬರು, ಮುಂದೆ ಇಡುವ ಬೆಳೆ ಬರೆದ ಚೀಟಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಯೂರಿಯಾ ತುಂಬಿದ್ದ ಹಳೇ ಚೀಲದಲ್ಲಿ ಮಾತ್ರ ತುಂಬಬೇಡಿ. ಮೇಲಿನ ತಾಕು ಕೆಂಪಾಗಿದ್ದು ಕೆಳಗಿನ ತಾಕು ಕಪ್ಪಾಗಿದ್ದರೆ ಎರಡು ಮಾದರಿ ಬೇಕು. ಬೆರೆಸಿದರೆ ಎರಡಕ್ಕೂ ಸಲ್ಲದ ಉತ್ತರ ಬರುವುದು.

ಈಗ ಚೀಟಿ ಬಂದಿತೆನ್ನಿ. ನಮ್ಮ ಉದಾಹರಣೆಯ ಕೆಂಪು ಮಣ್ಣಿನ ಹೊಲದ ಚೀಟಿಯಲ್ಲಿ ರಸಸಾರ 6.1, ಸಾವಯವ ಇಂಗಾಲ ನೂರಕ್ಕೆ 0.42, ರಂಜಕ 34, ಪೊಟ್ಯಾಷ್ 170 ಎಂದಿದೆ. ರಸಸಾರ ರಾಗಿಗೆ ಒಪ್ಪುವಂತಿದೆ, ಸುಣ್ಣ ಬೇಡ. ಸಾವಯವ ಇಂಗಾಲದಿಂದ ಸಾರಜನಕವನ್ನು ಅಂದಾಜು ಮಾಡುತ್ತಾರೆ, ಏಕೆಂದರೆ ಮಣ್ಣಿನ ಸಾರಜನಕದ ಬಹುಭಾಗ ಕೊಳೆತ ಸೊಪ್ಪುಸದೆಯಲ್ಲೇ ಅಡಗಿರುವುದು. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ಹೆಚ್ಚು. ನಮ್ಮದು ಕಡಿಮೆ.

ರಂಜಕದ 34 ಎಂಬ ಅಂಕಿಯಲ್ಲಿ ಅನೇಕರು ಎಡವುತ್ತಾರೆ. ಅಂಕಿಯ ಪಕ್ಕದಲ್ಲಿ P ಎಂದಿದೆಯೋ P2O5 ಎಂದಿದೆಯೋ ನೋಡಿ. P ಎಂದಿದ್ದರೆ ಹೆಕ್ಟೇರಿಗೆ 10ರಿಂದ 25 ಕಿಲೋ ಮಧ್ಯಮ. P2O5 ಎಂದಿದ್ದರೆ 23ರಿಂದ 57 ಮಧ್ಯಮ. ಅಂದರೆ ಅದೇ 34 ಒಂದು ಲೆಕ್ಕದಲ್ಲಿ ಹೆಚ್ಚು, ಇನ್ನೊಂದರಲ್ಲಿ ಮಧ್ಯಮ. ನಮ್ಮ ಚೀಟಿಯಲ್ಲಿ P ಎಂದಿದೆ, ಆದುದರಿಂದ ಹೆಚ್ಚು. ಪೊಟ್ಯಾಷಿಗೂ ಇದೇ ಬಗೆ: K ಎಂದಿದ್ದರೆ 120ರಿಂದ 280 ಮಧ್ಯಮ, K2O ಎಂದಿದ್ದರೆ 144ರಿಂದ 336. ನಮ್ಮ 170 ಹೇಗೆ ನೋಡಿದರೂ ಮಧ್ಯಮವೇ.

ಖುಷ್ಕಿ ರಾಗಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ಶಿಫಾರಸು ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ, ಮೂವತ್ತೇಳೂವರೆ ಕಿಲೋ ಪೊಟ್ಯಾಷ್. ಇವನ್ನು ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 20, 16, 15 ಕಿಲೋ ಆಗುವುದು. ಇದು ಮಧ್ಯಮ ಮಣ್ಣಿನ ಲೆಕ್ಕ. ಮಣ್ಣಿನಲ್ಲಿ ಕಡಿಮೆಯಿದ್ದರೆ ಇದರ ಮೇಲೆ ಕಾಲು ಭಾಗ ಹೆಚ್ಚಿಸುವುದು, ಹೆಚ್ಚಿದ್ದರೆ ಕಾಲು ಭಾಗ ಇಳಿಸುವುದು ವಾಡಿಕೆ. ಹೀಗಾಗಿ ನಮ್ಮ ಹೊಲಕ್ಕೆ ಎಕರೆಗೆ ಸಾರಜನಕ 25, ರಂಜಕ 12, ಪೊಟ್ಯಾಷ್ 15 ಕಿಲೋ ಬೇಕು.

ಮೂಟೆಯ ಲೆಕ್ಕವನ್ನು ರಂಜಕದಿಂದಲೇ ಆರಂಭಿಸಿ. 100 ಕಿಲೋ ಡಿ.ಎ.ಪಿ.ಯಲ್ಲಿ 46 ಕಿಲೋ ರಂಜಕ, 18 ಕಿಲೋ ಸಾರಜನಕ ಇರುವುದು. 12 ಕಿಲೋ ರಂಜಕಕ್ಕೆ 26 ಕಿಲೋ ಡಿ.ಎ.ಪಿ. ಬೇಕು, ಅಂದರೆ ಅರ್ಧ ಮೂಟೆ. ಅದರ ಜೊತೆಯಲ್ಲೇ ಸುಮಾರು ನಾಲ್ಕೂಮುಕ್ಕಾಲು ಕಿಲೋ ಸಾರಜನಕ ಬಂದುಬಿಡುವುದು. ಇದನ್ನು ಕಳೆಯಲು ಮರೆಯಬೇಡಿ. ಇನ್ನು ಬೇಕಾದುದು ಇಪ್ಪತ್ತೂಕಾಲು ಕಿಲೋ ಸಾರಜನಕ. ಯೂರಿಯಾದಲ್ಲಿ ನೂರಕ್ಕೆ 46 ಇರುವುದರಿಂದ 44 ಕಿಲೋ ಯೂರಿಯಾ, ಅಂದರೆ 45 ಕಿಲೋದ ಒಂದು ಮೂಟೆ. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ನೂರಕ್ಕೆ 60 ಇರುವುದು. 15 ಕಿಲೋಗೆ 25 ಕಿಲೋ, ಅರ್ಧ ಮೂಟೆ. ಉಳಿದ ಅರ್ಧ ಮೂಟೆಗಳನ್ನು ನೆರೆಯವರೊಡನೆ ಹಂಚಿಕೊಳ್ಳಬಹುದು.

ವಾಡಿಕೆಯಂತೆ ಎಕರೆಗೆ ಒಂದು ಮೂಟೆ ಡಿ.ಎ.ಪಿ. ಹಾಕಿ ಪೊಟ್ಯಾಷನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? 23 ಕಿಲೋ ರಂಜಕ ಬೀಳುತ್ತಿತ್ತು, ಬೇಕಾದುದರ ಎರಡರಷ್ಟು. ರಂಜಕ ನೀರಿನೊಡನೆ ಇಳಿದುಹೋಗುವುದಿಲ್ಲ. ಮಣ್ಣಿಗೆ ಅಂಟಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವುದು. ನಮ್ಮ ಚೀಟಿಯ 34 ಹೀಗೆ ಕೂಡಿದ್ದೇ ಇರಬೇಕು. ಅತಿಯಾದರೆ ಪೈರಿಗೆ ಸತುವು ಸಿಗುವುದಕ್ಕೂ ಅಡ್ಡಿಯಾಗುವುದು. ಸಾರಜನಕದ ಗುಣ ಬೇರೆ. ಹೆಚ್ಚು ಹಾಕಿದ್ದು ಮಳೆಯ ನೀರಿನೊಡನೆ ಬೇರಿನ ಕೆಳಗೆ ಇಳಿದುಹೋಗುವುದು, ಮುಂದಿನ ವರ್ಷಕ್ಕೆ ಉಳಿಯದು.

ಆದ್ದರಿಂದ ಯೂರಿಯಾವನ್ನು ಒಂದೇ ಸಲ ಹಾಕಬಾರದು. ಡಿ.ಎ.ಪಿ., ಪೊಟ್ಯಾಷ್ ಪೂರ್ತಿ ಮತ್ತು 17 ಕಿಲೋ ಯೂರಿಯಾ ಬಿತ್ತುವಾಗ ಹಾಕಿ. ಡಿ.ಎ.ಪಿ.ಯಲ್ಲಿರುವುದೂ ಸೇರಿ ಸಾರಜನಕದ ಅರ್ಧ ಅಲ್ಲಿಗೆ ಮುಗಿಯಿತು. ಉಳಿದ ಯೂರಿಯಾವನ್ನು 25–30 ದಿನಕ್ಕೆ, ಕಳೆ ತೆಗೆದ ಮೇಲೆ, ನೆಲದಲ್ಲಿ ಹದವಿರುವಾಗ ಮೇಲುಗೊಬ್ಬರವಾಗಿ ಕೊಡಿ. ಮಳೆ ಬಾರದೆ ಪೈರು ಬಾಡುತ್ತಿದ್ದರೆ ಕೈ ತಡೆಯಿರಿ. ಮಳೆ ಹೇಗಾದೀತೆಂದು ಯಾವ ಚೀಟಿಯೂ ಹೇಳದು. ಸಾವಯವ ಇಂಗಾಲ ಕಡಿಮೆಯೆಂಬ ದೂರು ಯೂರಿಯಾದಿಂದ ತೀರುವುದಿಲ್ಲ. ಅದಕ್ಕೆ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಬೇಕು.

ಈ ಲೆಕ್ಕದಲ್ಲಿ ನಂಬಿಕೆ ಬಾರದವರು ಹೊಲದ ಒಂದು ಮಗ್ಗುಲಲ್ಲಿ ಐದು ಗುಂಟೆಯನ್ನು ಬೇರೆಯಾಗಿ ಗುರುತಿಸಿ, ಅಲ್ಲಿ ಹಳೆಯ ವಾಡಿಕೆಯಂತೆಯೇ ಗೊಬ್ಬರ ಹಾಕಿ. ಬೀಜ, ಬಿತ್ತನೆಯ ದಿನ, ಕಳೆ ಎಲ್ಲ ಒಂದೇ ಇರಲಿ. ಕೊಯ್ಲಿನಲ್ಲಿ ಆ ಐದು ಗುಂಟೆಯ ರಾಗಿಯನ್ನೂ ಪಕ್ಕದ ಐದು ಗುಂಟೆಯ ರಾಗಿಯನ್ನೂ ಬೇರೆ ಬೇರೆ ಬಡಿದು ತೂಗಿ, ತೂಕವನ್ನು ಚೀಟಿಯ ಹಿಂಬದಿಯಲ್ಲಿ ಬರೆದಿಡಿ.