ಕೊಂಕು ಹೋದರೂ ದೂರು ಉಳಿಯಬೇಕು

ಆನ್‌ಲೈನ್‌ನಲ್ಲಿ ಮಿಕ್ಸಿ ಕೊಂಡವರು ಬರೆಯುವಂಥ ಒಂದು ವಿಮರ್ಶೆ ಇಲ್ಲಿದೆ. ಉದಾಹರಣೆಗೆಂದು ಕಟ್ಟಿಕೊಂಡದ್ದು:

"ಐದಕ್ಕೆ ಐದು ಸ್ಟಾರ್! ಇದು ಬಂದ ಮೇಲೆ ನಮ್ಮನೆಗೆ ಅಲಾರಂ ಬೇಡವಾಗಿದೆ. ಬೆಳಗ್ಗೆ ಸ್ವಿಚ್ ತಿರುಗಿಸಿದರೆ ಇಡೀ ಬೀದಿ ಎದ್ದು ಕೂರುತ್ತದೆ. ಮುಚ್ಚಳವಂತೂ ಬಹಳ ಉದಾರಿ, ಚಟ್ನಿಯನ್ನು ಗೋಡೆಗೂ ಹಂಚುತ್ತದೆ. 750 ವ್ಯಾಟ್ ಅಂತೆ! ಉದ್ದಿನಬೇಳೆ ಕಂಡರೆ ಸಾಕು, ಎರಡು ನಿಮಿಷಕ್ಕೆ ಮಲಗಿಬಿಡುತ್ತದೆ. ಸರ್ವಿಸ್ ಸೆಂಟರ್‌ನವರು ಸಂಗೀತಪ್ರಿಯರು, ಫೋನ್‌ನಲ್ಲಿ ಅರ್ಧ ಗಂಟೆ ಕಛೇರಿ ಕೇಳಿಸಿದರು. ಎರಡು ವರ್ಷ ವಾರಂಟಿ ಇದೆ, ಆದರೆ ಒಡೆದ ಜಾರ್‌ಗೆ ಮಾತ್ರ ಅದು ಇಲ್ಲವಂತೆ. ಈ ವಿಷಯ ಪೆಟ್ಟಿಗೆಯ ಮೇಲೆ ಹಾಕದ ಕಂಪನಿಯವರ ಜಾಣತನ ಮೆಚ್ಚಲೇಬೇಕು!"

ಓದಿದವರು ನಗುತ್ತಾರೆ. ಆದರೆ ಹಬ್ಬಕ್ಕೆ ಮುಂಚೆ ಹೊಸ ಮಿಕ್ಸಿ ತರಬೇಕೆಂದು ಲೆಕ್ಕ ಹಾಕುತ್ತಿರುವವರಿಗೆ ಬೇಕಾದ ಮಾಹಿತಿ ಈ ನಗುವಿನ ಕೆಳಗೆ ಹೂತುಹೋಗಿದೆ. ಸಿಟ್ಟಿನಲ್ಲಿ ಕೊಟ್ಟ ಐದು ಸ್ಟಾರ್ ಸರಾಸರಿ ಅಂಕವನ್ನು ಮೇಲಕ್ಕೇ ತಳ್ಳುತ್ತದೆ. ಕೊಂಕನ್ನು ಗುರುತಿಸುವುದು ಯಂತ್ರಗಳಿಗೆ ಎಷ್ಟು ಕಷ್ಟ ಎಂಬುದನ್ನು ಸಂಶೋಧಕರೂ ಕೈಗೆತ್ತಿಕೊಂಡಿದ್ದಾರೆ. 2010ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ತಂಡವೊಂದು ಅಮೆಜಾನ್‌ನ ಸುಮಾರು 66,000 ವಿಮರ್ಶೆಗಳನ್ನಿಟ್ಟುಕೊಂಡು ಈ ಕೆಲಸ ಮಾಡಿತು. ಕಡಿಮೆ ಸ್ಟಾರ್ ಕೊಟ್ಟ ವಿಮರ್ಶೆಯಲ್ಲಿ ಬಲವಾದ ಹೊಗಳಿಕೆಯ ವಾಕ್ಯ ಕಂಡರೆ ಅದು ಕೊಂಕಿರಬಹುದು ಎಂಬುದು ಅವರು ಹೋಲಿಕೆಗೆ ಬಳಸಿದ ಒಂದು ಸುಳಿವು. ನಮ್ಮ ಮಿಕ್ಸಿಯ ವಿಮರ್ಶೆಯಲ್ಲಿ ಸ್ಟಾರ್ ಕೂಡ ಕೊಂಕಾಗಿರುವುದರಿಂದ ಆ ಸುಳಿವೂ ಕೆಲಸಕ್ಕೆ ಬರುವುದಿಲ್ಲ.

ಹೊಗಳುವ ನೆಪದಲ್ಲಿ ತೆಗಳುವುದು ಕನ್ನಡಕ್ಕೆ ಹೊಸದಲ್ಲ. ಅಲಂಕಾರಶಾಸ್ತ್ರ ಅದನ್ನು ವ್ಯಾಜಸ್ತುತಿ ಎನ್ನುತ್ತದೆ. ಹಾಗಾದರೆ ಹೊಗಳಿಕೆಯನ್ನು ತಿರುಗಿಸಿಬಿಟ್ಟರೆ ತೆಗಳಿಕೆ ಸಿಗಬೇಕಲ್ಲ? ಸಿಗುವುದಿಲ್ಲ. "ಮುಚ್ಚಳ ಉದಾರಿ" ಎಂಬುದನ್ನು ತಿರುಗಿಸಿದರೆ "ಮುಚ್ಚಳ ಜಿಪುಣ" ಎಂದಾಗುತ್ತದೆ, ಅದಕ್ಕೆ ಅರ್ಥವಿಲ್ಲ. ಹುಡುಕಬೇಕಾದದ್ದು ಪದದ ವಿರುದ್ಧಾರ್ಥವನ್ನಲ್ಲ, ಆ ಪದ ಹುಟ್ಟಿದ ಘಟನೆಯನ್ನು. ಅಡುಗೆಮನೆಯಲ್ಲಿ ಆದದ್ದೇನು? ಮಿಕ್ಸಿ ಓಡುವಾಗ ಮುಚ್ಚಳದ ಸಂದಿಯಿಂದ ಚಟ್ನಿ ಹೊರಗೆ ಚಿಮ್ಮಿ ಗೋಡೆಗೆ ಬಿತ್ತು. ಬರೆಯಬೇಕಾದದ್ದು ಅಷ್ಟೇ.

ಹೀಗೆ ಘಟನೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಇಳಿಸಿದರೆ ಮೇಲಿನ ವಿಮರ್ಶೆಯಲ್ಲಿ ಏಳು ದೂರುಗಳು ಸಿಗುತ್ತವೆ: ಸದ್ದು, ಮುಚ್ಚಳ, ಉದ್ದು ರುಬ್ಬುವಾಗ ನಿಲ್ಲುವ ಮೋಟರ್, ವ್ಯಾಟ್‌ಗೆ ತಕ್ಕ ಕೆಲಸ ಇಲ್ಲದಿರುವುದು, ಫೋನ್‌ನಲ್ಲಿ ಕಾಯಿಸಿದ್ದು, ಜಾರ್‌ಗೆ ವಾರಂಟಿ ಸಿಗದಿದ್ದು, ಅದನ್ನು ಪೆಟ್ಟಿಗೆಯ ಮೇಲೆ ಹೇಳದಿದ್ದು. ಕೊನೆಯದು ಸುಲಭವಾಗಿ ಕೈತಪ್ಪುತ್ತದೆ, ಏಕೆಂದರೆ ಅದು "ಜಾಣತನ" ಎಂಬ ಮಾತಿನ ಹಿಂದೆ ಕುಳಿತಿದೆ. ಜಾರ್ ಒಡೆದದ್ದು ಬಳಸುವಾಗಲೋ ಕೈಜಾರಿಯೋ ಎಂಬುದು ಇಲ್ಲಿಲ್ಲ, ಹಾಗಾಗಿ ಜಾರ್ ದುರ್ಬಲ ಎಂಬ ಎಂಟನೆಯ ದೂರನ್ನು ನಾವೇ ಸೇರಿಸುವಂತಿಲ್ಲ.

ಸದ್ದಿನ ವಿಷಯದಲ್ಲಿ ಎರಡು ದಾರಿ ತಪ್ಪುತ್ತದೆ. ಇಡೀ ಬೀದಿ ಏಳುವುದು ಉತ್ಪ್ರೇಕ್ಷೆ, ಅದನ್ನು ಸಂಗತಿಯೆಂದು ಉಳಿಸಿದರೆ ಸುಳ್ಳು. ಹಾಗೆಂದು "ಸ್ವಲ್ಪ ಸದ್ದು ಮಾಡುತ್ತದೆ" ಎಂದರೆ ಅದೂ ಸುಳ್ಳೇ, ಏಕೆಂದರೆ ಬರೆದವರ ದೂರು "ಸ್ವಲ್ಪ"ದ್ದಲ್ಲ. ಡೆಸಿಬೆಲ್ ಅಂಕಿ ಹಾಕೋಣವೆಂದರೆ ಯಾರೂ ಅಳೆದಿಲ್ಲ. ಉಳಿಯುವ ಸರಿಯಾದ ಮಾತು "ಸದ್ದು ತುಂಬಾ ಜಾಸ್ತಿ, ಮಲಗಿದವರಿಗೆ ಎಚ್ಚರವಾಗುವಷ್ಟು" ಎಂಬುದು. ಉತ್ಪ್ರೇಕ್ಷೆ ಇಳಿಯಿತು, ದೂರಿನ ತೂಕ ಇಳಿಯಲಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಮೋಟರ್‌ನ ವಾಕ್ಯಕ್ಕೆ. ಮಿಕ್ಸಿಗಳಲ್ಲಿ ಸಾಮಾನ್ಯವಾಗಿ ಓವರ್‌ಲೋಡ್ ಸ್ವಿಚ್ ಇರುತ್ತದೆ. ಮೋಟರ್ ಮೇಲೆ ಭಾರ ಹೆಚ್ಚಿದರೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು, ಮಿಕ್ಸಿಯ ಅಡಿಯಲ್ಲಿರುವ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಆದ್ದರಿಂದ ಎರಡು ನಿಮಿಷಕ್ಕೆ ನಿಂತದ್ದು ಮೋಟರ್ ದೋಷವಿರಬಹುದು, ಜಾರ್ ತುಂಬಾ ಬೇಳೆ ಹಾಕಿ ನೀರು ಕಡಿಮೆ ಮಾಡಿದ್ದರಿಂದಲೂ ಇರಬಹುದು. "ಮೋಟರ್ ಕೆಟ್ಟದ್ದು" ಎಂದು ಬರೆದರೆ ಗೊತ್ತಿಲ್ಲದ ಕಾರಣವನ್ನು ಸೇರಿಸಿದಂತೆ. "ಹೆಚ್ಚು ಹಾಕಿದರೆ ನಿಲ್ಲುತ್ತದೆ" ಎಂದರೆ ತಪ್ಪನ್ನು ಕೊಂಡವರ ತಲೆಗೆ ಕಟ್ಟಿದಂತೆ. ಕಂಡದ್ದನ್ನು ಮಾತ್ರ ಬರೆಯಬೇಕು: ಉದ್ದು ರುಬ್ಬಿದಾಗ ಸುಮಾರು ಎರಡು ನಿಮಿಷಕ್ಕೆ ನಿಂತಿತು. ವಿಮರ್ಶೆ ಬರೆದವರೇ ತಿದ್ದುತ್ತಿದ್ದರೆ ಎಷ್ಟು ಬೇಳೆ, ಎಷ್ಟು ನೀರು ಎಂಬುದನ್ನು ಸೇರಿಸಿದರೆ ಓದುವವರಿಗೆ ದೊಡ್ಡ ಉಪಕಾರ. ಬೇರೆಯವರು ತಿದ್ದುತ್ತಿದ್ದರೆ ಕೇಳಿ ತಿಳಿಯಬೇಕು, ಊಹಿಸಬಾರದು.

"750 ವ್ಯಾಟ್ ಅಂತೆ" ಎಂಬುದರಲ್ಲಿ ಆ "ಅಂತೆ"ಯೇ ದೂರು. ಕನ್ನಡದಲ್ಲಿ ಈ ಎರಡಕ್ಷರ ಹೇಳಿಕೆಯನ್ನೂ ಅನುಮಾನವನ್ನೂ ಒಟ್ಟಿಗೆ ಹೊರುತ್ತದೆ. ಆದರೆ ವ್ಯಾಟ್ ಹೇಳುವುದು ಯಂತ್ರ ಎಳೆದುಕೊಳ್ಳುವ ವಿದ್ಯುತ್ತನ್ನು, ರುಬ್ಬುವ ಗುಣವನ್ನಲ್ಲ. ಹಾಗಾಗಿ ಮೋಟರ್ 750 ವ್ಯಾಟ್‌ನದ್ದಲ್ಲ ಎಂದು ಬರೆಯಲು ಇಲ್ಲಿ ಆಧಾರವಿಲ್ಲ. ಅಷ್ಟು ವ್ಯಾಟ್‌ನ ಮಿಕ್ಸಿಯಿಂದ ನಿರೀಕ್ಷಿಸಿದ ಕೆಲಸ ಆಗಲಿಲ್ಲ ಎಂದು ಬರೆಯಬಹುದು.

ಕಂಪನಿಯ ಉದ್ದೇಶದ ಮಾತೂ ಹಾಗೆಯೇ. ಬೇಕೆಂದೇ ಮುಚ್ಚಿಟ್ಟರೋ ಮರೆತರೋ, ಕೊಂಡವರಿಗೆ ತಿಳಿಯದು. ಪೆಟ್ಟಿಗೆಯ ಮೇಲೆ ಇಲ್ಲ ಎಂಬುದು ಮಾತ್ರ ಯಾರು ಬೇಕಾದರೂ ನೋಡಬಹುದಾದ ಸಂಗತಿ, ಮತ್ತು ಓದುವವರಿಗೆ ಅದೇ ಸಾಕು.

ಇಷ್ಟಾದ ಮೇಲೆ ವಿಮರ್ಶೆ ಹೀಗೆ ನಿಲ್ಲುತ್ತದೆ:

"ಈ ಮಿಕ್ಸಿಯ ಸದ್ದು ತುಂಬಾ ಜಾಸ್ತಿ. ಬೆಳಗ್ಗೆ ಹಾಕಿದರೆ ಮಲಗಿದವರಿಗೆ ಎಚ್ಚರವಾಗುತ್ತದೆ. ಚಟ್ನಿ ರುಬ್ಬುವಾಗ ಮುಚ್ಚಳದಿಂದ ಹೊರಗೆ ಚಿಮ್ಮಿ ಗೋಡೆಗೆ ಬೀಳುತ್ತದೆ. ಉದ್ದಿನಬೇಳೆ ರುಬ್ಬಿದರೆ ಸುಮಾರು ಎರಡು ನಿಮಿಷಕ್ಕೆ ನಿಂತುಹೋಗುತ್ತದೆ. 750 ವ್ಯಾಟ್ ಎಂದು ಹೇಳಿರುವ ಮಿಕ್ಸಿಯಿಂದ ನಿರೀಕ್ಷಿಸಿದ ಕೆಲಸ ಆಗುತ್ತಿಲ್ಲ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದಾಗ ಸುಮಾರು ಅರ್ಧ ಗಂಟೆ ಕಾಯಬೇಕಾಯಿತು. ವಾರಂಟಿ ಎರಡು ವರ್ಷ ಇದ್ದರೂ ಒಡೆದ ಜಾರ್‌ಗೆ ಅದು ಅನ್ವಯಿಸುವುದಿಲ್ಲ ಎಂದರು. ಈ ವಿಷಯ ಪೆಟ್ಟಿಗೆಯ ಮೇಲೆ ಇಲ್ಲ."

ಬಣ್ಣ ಚೆನ್ನಾಗಿದೆ, ಬೆಲೆ ಪರವಾಗಿಲ್ಲ ಎಂಬಂಥ ಮಾತು ಸೇರಿಸಿ ಸಮತೋಲ ತರಲು ಕೈ ಹೋಗುವುದು ಈ ಹಂತದಲ್ಲೇ. ಮೂಲದಲ್ಲಿ ಇಲ್ಲದ ಹೊಗಳಿಕೆ ಇಲ್ಲಿ ಬರಕೂಡದು. ಐದು ಸ್ಟಾರ್ ಕೂಡ ಹೋಗಬೇಕು. ಎಷ್ಟು ಕೊಡಬೇಕೆಂಬುದನ್ನು ಮಿಕ್ಸಿ ಕೊಂಡವರೇ ಹೇಳಬೇಕು, ತಿದ್ದುವವರು ಒಂದೋ ಎರಡೋ ಎಂದು ತಾವೇ ತುಂಬಿದರೆ ಅದೂ ಊಹೆಯೇ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಮೂಲವನ್ನು ಓದದ ಒಬ್ಬರಿಗೆ ಹೊಸ ಬರಹವನ್ನು ಮಾತ್ರ ಕೊಟ್ಟು, ದೂರುಗಳನ್ನು ಎಣಿಸಲು ಹೇಳಬಹುದು. ಅವರು ಆರೇ ಹೇಳಿದರೆ ಎಲ್ಲೋ ಒಂದು ಸೋರಿದೆ, ಎಂಟು ಹೇಳಿದರೆ ಒಂದು ಸೇರಿಕೊಂಡಿದೆ. ಏಳೂ ಸರಿಯಾಗಿ ಬಂದ ಬರಹಕ್ಕೆ ಬಿಲ್ಲಿನ ದಿನಾಂಕ ಮತ್ತು ಮಾಡೆಲ್ ಹೆಸರು ಸೇರಿಸಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಅದನ್ನೇ ಎದುರಿಗಿಟ್ಟುಕೊಂಡು ಓದಿ ಹೇಳಬಹುದು.