ಸಾರಿನಲ್ಲಿ ಬೇಳೆ ಎಷ್ಟು?

ಮೈಸೂರಿನ ಒಂದು ಖಾಸಗಿ ಹಾಸ್ಟೆಲ್. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಅನ್ನ-ಸಾಂಬಾರು, ಜೊತೆಗೆ ನೀರು ಮಜ್ಜಿಗೆ. ಮೆಸ್ ಬಿಲ್ ಕಡಿಮೆ, ಅನ್ನಕ್ಕೆ ಮಿತಿಯಿಲ್ಲ. ನಮ್ಮ ಕಥೆಯ ಹುಡುಗ ಬಿ.ಎಸ್ಸಿ. ಎರಡನೇ ವರ್ಷದವನು, ತೂಕ 60 ಕೆಜಿ. ಊಟವಾಗಿ ಎರಡು ಗಂಟೆಯೊಳಗೆ ಮತ್ತೆ ಹಸಿವಾಗುತ್ತದಲ್ಲ ಎಂದು ಯೋಚಿಸುತ್ತಿದ್ದವನು ಒಂದು ಭಾನುವಾರ ಲೆಕ್ಕ ಹಾಕಲು ಕುಳಿತ.

ಎಷ್ಟು ಬೇಕು ಎನ್ನುವುದು ಸುಲಭವಾಗಿ ಸಿಕ್ಕಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ, ವಯಸ್ಕರಿಗೆ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಇವನ ಪಾಲಿಗೆ ಹೆಚ್ಚುಕಡಿಮೆ 50 ಗ್ರಾಂ.

ಎಷ್ಟು ಸಿಗುತ್ತಿದೆ ಎಂದು ತಿಳಿಯಲು ತಟ್ಟೆಯ ಅನ್ನವನ್ನು ಡಬ್ಬಿಗೆ ಹಾಕಿಕೊಂಡು ಹೋಗಿ ಪಕ್ಕದ ಅಂಗಡಿಯಲ್ಲಿ ತೂಗಿಸಿದ. 430 ಗ್ರಾಂ ಬಂತು. ಪುಸ್ತಕದಲ್ಲಿ ಅಕ್ಕಿಯಲ್ಲಿ ಶೇ 8ರಷ್ಟು ಪ್ರೋಟೀನ್ ಎಂದಿತ್ತು. ಒಂದೇ ಊಟದಲ್ಲಿ 34 ಗ್ರಾಂ! ಎರಡು ಊಟಕ್ಕೆ 68. ಕೊರತೆಯ ಮಾತೇ ಇಲ್ಲ ಎಂದುಕೊಂಡ. ಹೊಸದಾಗಿ ಲೆಕ್ಕ ಹಾಕುವವರಲ್ಲಿ ಬಹಳ ಜನ ಎಡವುವುದು ಇಲ್ಲೇ.

ಆದರೂ ಅನುಮಾನ ಬಿಡಲಿಲ್ಲ. ಅಡುಗೆಮನೆಗೆ ಹೋಗಿ ಭಟ್ಟರನ್ನೇ ಕೇಳಿದ.

"ಭಟ್ರೇ, ಒಂದು ಹೊತ್ತಿಗೆ ಅಕ್ಕಿ ಎಷ್ಟು ಹಾಕ್ತೀರಿ?"

"ಅರವತ್ತು ಜನಕ್ಕೆ ಒಂಬತ್ತು ಕೆಜಿ."

"ಬೇಳೆ?"

"ಮುಕ್ಕಾಲು ಕೆಜಿ. ಸಾರು ತೆಳ್ಳಗಿದ್ರೇನೇ ಅನ್ನಕ್ಕೆ ಚೆನ್ನಾಗಿ ಹಿಡಿಯೋದು ಕಣಯ್ಯಾ."

ಅರವತ್ತು ತಟ್ಟೆಗಳಲ್ಲಿ ತಲಾ 430 ಗ್ರಾಂ ಎಂದರೆ ಸುಮಾರು 26 ಕೆಜಿ ಅನ್ನ. ಒಲೆಗೆ ಹೋದ ಅಕ್ಕಿ ಒಂಬತ್ತೇ ಕೆಜಿ. ಉಳಿದ 17 ಕೆಜಿ ನೀರು! ಪುಸ್ತಕದ ಶೇ 8 ಹಸಿ ಅಕ್ಕಿಗೆ ಹೇಳಿದ್ದು. ಬೆಂದ ಅನ್ನದಲ್ಲಿ ಅದು ಶೇ 3ಕ್ಕಿಂತ ಕಡಿಮೆ.

ಈಗ ಲೆಕ್ಕ ಹಸಿ ತೂಕದಲ್ಲಿ ಶುರುವಾಯಿತು. ಎರಡು ಊಟಕ್ಕೆ 300 ಗ್ರಾಂ ಅಕ್ಕಿ, ಚಿತ್ರಾನ್ನಕ್ಕೆ 80 ಗ್ರಾಂ, ಒಟ್ಟು 380. ಅದರಿಂದ 30 ಗ್ರಾಂ ಪ್ರೋಟೀನ್. ಬೇಳೆ ಹೊತ್ತಿಗೆ ಹನ್ನೆರಡೂವರೆ ಗ್ರಾಂ, ದಿನಕ್ಕೆ 25. ತೊಗರಿ ಬೇಳೆಯಲ್ಲಿ ಪ್ರೋಟೀನ್ ಶೇ 22ರಷ್ಟಿದ್ದರೂ ಇಷ್ಟರಿಂದ ಸಿಗುವುದು ಐದೂವರೆ ಗ್ರಾಂ ಮಾತ್ರ. ಎರಡು ಲೋಟ ಟೀಯ ಹಾಲಿನಿಂದ ಮೂರು, ಮಜ್ಜಿಗೆ ತರಕಾರಿಗಳಿಂದ ಎರಡು. ಎಲ್ಲ ಕೂಡಿದರೆ 40 ದಾಟುವುದೇ ಕಷ್ಟ.

ಹತ್ತು ಗ್ರಾಂ ತಾನೇ, ಇನ್ನೊಂದು ಸೌಟು ಅನ್ನ ಬಡಿಸಿಕೊಂಡರಾಯಿತು ಎನ್ನಬಹುದು. ನಿಜವಾದ ತೊಡಕಿರುವುದು ಅಲ್ಲಿಯೇ. ಅವನಿಗೆ ಸಿಗುವ ಪ್ರೋಟೀನಿನ ಮುಕ್ಕಾಲು ಪಾಲು ಅಕ್ಕಿಯದು, ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು. ಲೈಸಿನ್ ಸಾಲದಿದ್ದರೆ ಉಳಿದ ಅಮೈನೋ ಆಮ್ಲಗಳೂ ಮಾಂಸಖಂಡ ಕಟ್ಟುವ ಕೆಲಸಕ್ಕೆ ಪೂರ್ತಿ ಒದಗುವುದಿಲ್ಲ, ಒಂದು ಪಾಲು ಇಂಧನವಾಗಿ ಸುಟ್ಟುಹೋಗುತ್ತದೆ. 0.83ರ ಲೆಕ್ಕ ಒಳ್ಳೆಯ ಗುಣಮಟ್ಟದ ಪ್ರೋಟೀನಿಗೆ ಹೇಳಿದ್ದಾದ್ದರಿಂದ ಇವನ ನಿಜವಾದ ಕೊರತೆ ಹತ್ತು ಗ್ರಾಂಗಿಂತ ಹೆಚ್ಚೇ.

ಬೇಳೆಯಲ್ಲಿ ಲೈಸಿನ್ ಧಾರಾಳ. ಅದರಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಅನ್ನ-ಸಾರಿನ ಜೋಡಿ ಕೆಟ್ಟದ್ದಲ್ಲ, ಕೆಟ್ಟಿರುವುದು ಅಳತೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಇರಬೇಕು ಎನ್ನುತ್ತಾರೆ ಪೋಷಣಾ ತಜ್ಞರು. ಈ ಹಾಸ್ಟೆಲಿನಲ್ಲಿ ಹದಿನೈದಕ್ಕೆ ಒಂದು. ಬೇಳೆಯ ಬೆಲೆ ಅಕ್ಕಿಯ ಎರಡು ಮೂರು ಪಟ್ಟಿರುವಾಗ, ಕಡಿಮೆ ಬಿಲ್ಲಿನ ಮೆಸ್ಸು ಮೊದಲು ಕೈಹಿಡಿಯುವುದು ಬೇಳೆಯಲ್ಲೇ. ಅಕ್ಕಿ ಕಡಿಮೆ ಮಾಡಿದರೆ ಹುಡುಗರು ಗಲಾಟೆ ಮಾಡುತ್ತಾರೆ. ಸಾರು ತೆಳ್ಳಗಾದರೆ ತಮಾಷೆ ಮಾಡಿ ಸುಮ್ಮನಾಗುತ್ತಾರೆ.

ಇಷ್ಟು ಕೊರತೆಯನ್ನು ದೇಹ ಕೂಗಿ ಹೇಳುವುದಿಲ್ಲ. ಬೇಗ ಹಸಿವಾಗುವುದು, ಸುಸ್ತು, ಕೂದಲು ಉದುರುವುದು ರಕ್ತಹೀನತೆಯಿಂದಲೂ ನಿದ್ದೆಗೇಡಿನಿಂದಲೂ ಆಗಬಹುದು. ಹಾಗಾಗಿ ಲಕ್ಷಣ ಹುಡುಕುವುದಕ್ಕಿಂತ ಲೆಕ್ಕ ಹಾಕುವುದೇ ಮೇಲು.

ಹುಡುಗ ಸಂಜೆಗೆ ಒಂದು ಹಿಡಿ ಹುರಿಗಡಲೆ ಇಟ್ಟುಕೊಂಡ. ಮೂವತ್ತು ಗ್ರಾಂನಲ್ಲಿ ಆರು ಗ್ರಾಂ ಪ್ರೋಟೀನ್, ಲೈಸಿನ್ ಸಮೇತ. ಕಡಲೆಕಾಯಿಯಲ್ಲೂ ಪ್ರೋಟೀನ್ ಹೆಚ್ಚು, ಆದರೆ ಲೈಸಿನ್ ವಿಷಯದಲ್ಲಿ ಅದು ಅಕ್ಕಿಯ ನೆಂಟನೇ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯೂ ಆರು ಗ್ರಾಂ ಕೊಡುತ್ತದೆ. ಕಾಳು ಮೊಳಕೆ ಬಂದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬ ಮಾತು ಮಾತ್ರ ಸುಳ್ಳು, ಹೆಚ್ಚುವುದು ನೀರು.

ಉಳಿದ ಐದೂವರೆ ಗ್ರಾಂಗೆ ಭಟ್ಟರು ಹೊತ್ತಿಗೆ ಮುಕ್ಕಾಲರ ಬದಲು ಒಂದೂವರೆ ಕೆಜಿ ಬೇಳೆ ಹಾಕಿದರೆ ಸಾಕು. ಕೆಜಿಗೆ 150 ರೂಪಾಯಿ ಎಂದಿಟ್ಟುಕೊಂಡರೂ ತಲೆಗೆ ದಿನಕ್ಕೆ ನಾಲ್ಕು ರೂಪಾಯಿಯೂ ಆಗದು. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವ ತಂದೆತಾಯಿ ಕೋಣೆ, ಕಿಟಕಿ, ವೈ-ಫೈ ವಿಚಾರಿಸುವಾಗ ಅಡುಗೆಮನೆಗೂ ಒಮ್ಮೆ ಹೋಗಿ, ಎಷ್ಟು ಜನಕ್ಕೆ ಎಷ್ಟು ಕೆಜಿ ಬೇಳೆ ಎಂದು ಕೇಳಿಬನ್ನಿ.