ಬಾಣದ ಕ್ಲಿಪ್ಪಿನ ಪೆನ್ನಿಗೆ ಯಾವ ಕಾರ್ಟ್ರಿಜ್?

ಕ್ಲಿಪ್ಪಿನ ಮೇಲೆ ಗರಿಯುಳ್ಳ ಬಾಣ ಕಂಡರೆ ಆ ಫೌಂಟನ್ ಪೆನ್ನು ಪಾರ್ಕರ್ ಎಂಬುದು ಮೊದಲ ಊಹೆ. 1930ರ ದಶಕದಿಂದ ಈ ಬಾಣ ಪಾರ್ಕರ್ ಕಂಪನಿಯ ಗುರುತು. ಆದರೆ ಮಾದರಿ ಯಾವುದೆಂಬುದನ್ನು ಬಾಣವೊಂದೇ ಹೇಳಲಾರದು. ಚೀನಾದ ಹೀರೋ 616ರಂಥ ಪೆನ್ನುಗಳ ಕ್ಲಿಪ್ಪೂ ಬಾಣದಂತೆಯೇ ಇರುತ್ತದೆ. ಆದ್ದರಿಂದ ಮುಚ್ಚಳದ ಅಂಚಿನಲ್ಲಿ ಕೊರೆದ ಹೆಸರು ಓದುವಷ್ಟು ಸ್ಪಷ್ಟವಾಗಿ ಕ್ಲಿಪ್ಪಿನ ಫೋಟೋ ಬರಬೇಕು.

ನಿಜವಾದ ಉತ್ತರವಿರುವುದು ನಿಬ್ಬಿನಲ್ಲಿ. ಕಿಟಕಿಯ ಬೆಳಕಿನಲ್ಲಿ ನಿಬ್ಬನ್ನು ಮೇಲಿನಿಂದ ಒಮ್ಮೆ, ಅಡಿಯಿಂದ ಒಮ್ಮೆ ಹತ್ತಿರದಿಂದ ತೆಗೆಯಬೇಕು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರಲ್ಲಿ ನಿಬ್ಬು ಪ್ಲಾಸ್ಟಿಕ್ ಹೊದಿಕೆಯೊಳಗೆ ಅಡಗಿ, ತುದಿ ಮಾತ್ರ ಇಣುಕುತ್ತದೆ. 1956ರ ಪಾರ್ಕರ್ 61 ನೋಡಲು ಹಾಗೆಯೇ ಇದೆ. ಆದರೆ ಹೊದಿಕೆಯ ಮೇಲೆ, ನಿಬ್ಬಿನ ತುದಿಯತ್ತ ಮುಖಮಾಡಿ, ಲೋಹದ ಪುಟ್ಟ ಬಾಣವೊಂದನ್ನು ಕೂರಿಸಿರುತ್ತಾರೆ. ಇದು ಕಳಚಿ ಬೀಳುವುದೂ ಉಂಟು. ಬಾಣ ಹೋಗಿದ್ದರೂ ಅದು ಕೂತಿದ್ದ ಗುಳಿ ಉಳಿಯುವುದರಿಂದ ಗುರುತು ತಪ್ಪದು. ಹೊದಿಕೆಯಿಂದ ಹೊರಗೆ ಚಿಕ್ಕ ನಿಬ್ಬು ಸ್ಪಷ್ಟವಾಗಿ ಚಾಚಿಕೊಂಡಿದ್ದರೆ ಅದು 1960ರ ಪಾರ್ಕರ್ 45 ಇರಬಹುದು.

ಈ ಮೂರನ್ನೂ ಬೇರ್ಪಡಿಸಬೇಕಾದದ್ದು ಕಾರ್ಟ್ರಿಜ್‌ಗಾಗಿಯೇ. ಪಾರ್ಕರ್ 45 ಕಾರ್ಟ್ರಿಜ್ ಹಾಕಲೆಂದೇ ರೂಪುಗೊಂಡ ಪೆನ್ನು. ಹಳೆಯ 51ಕ್ಕೆ ಸಾಮಾನ್ಯವಾಗಿ ಕಾರ್ಟ್ರಿಜ್ ಇಲ್ಲ. ಅದರ ಹಿಂಭಾಗವನ್ನು ತಿರುಗಿಸಿ ಬಿಚ್ಚಿದರೆ, 1948ರ ನಂತರದ ಪೆನ್ನುಗಳಲ್ಲಿ, ಒತ್ತುವ ಪಟ್ಟಿಯಿರುವ ಲೋಹದ ಕೊಳವೆ ಕಾಣುತ್ತದೆ. ನಿಬ್ಬನ್ನು ಶಾಯಿಯಲ್ಲದ್ದಿ ಆ ಪಟ್ಟಿಯನ್ನು ಒತ್ತಿಯೇ ತುಂಬಿಸಬೇಕು. 61ರ ಕಥೆ ಎರಡು ಬಗೆ: ಮೊದಲಿನವು ಹಿಂದಿನ ತುದಿಯನ್ನು ಶಾಯಿಯಲ್ಲಿಟ್ಟರೆ ತಾವೇ ಹೀರಿಕೊಳ್ಳುತ್ತವೆ, ಅನಂತರ ಬಂದವು ಕಾರ್ಟ್ರಿಜ್ ಹಾಕಿಸಿಕೊಳ್ಳುತ್ತವೆ. ಹೀಗಾಗಿ ಹಿಂಭಾಗ ಬಿಚ್ಚಿದ ಮೂರನೆಯ ಫೋಟೋ ಇಲ್ಲದೆ 61ರ ಬಗ್ಗೆ ತೀರ್ಮಾನಿಸಬಾರದು.

ಪೆನ್ನು 45 ಎಂದು ಖಚಿತವಾದರೆ ಪಾರ್ಕರ್ ಕಂಪನಿಯದೇ ಉದ್ದ ಕಾರ್ಟ್ರಿಜ್ ಕೊಳ್ಳಬೇಕು. ಅದು 'ಕ್ವಿಂಕ್' ಹೆಸರಿನಲ್ಲಿ ಸಿಗುತ್ತದೆ. ಅನೇಕ ಕಂಪನಿಗಳ ಪೆನ್ನಿಗೆ ಹೊಂದುವ 'ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್' ಗಿಡ್ಡ ಕಾರ್ಟ್ರಿಜ್‌ನ ಬಾಯಿಯ ಅಳತೆ ಬೇರೆ. ಒತ್ತಾಯದಿಂದ ತೂರಿಸಿದರೆ ಅದು ಸರಿಯಾಗಿ ಕೂರುವುದಿಲ್ಲ, ಕೊರಳಿನ ಸುತ್ತ ಶಾಯಿ ಜಿನುಗಿ ಬೆರಳಿಗೆ ಹತ್ತುತ್ತದೆ. ಸರಿಯಾದದ್ದು ಸಣ್ಣ ತಡೆ ಒಡೆದಂತೆ ಒಳಗಿಳಿದು ಅಲುಗಾಡದೆ ನಿಲ್ಲುತ್ತದೆ.

ಬಹುಕಾಲ ಬಳಸದ ಪೆನ್ನಾದರೆ ಹೊಸ ಕಾರ್ಟ್ರಿಜ್ ಹಾಕುವ ಮೊದಲು ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಒಣಗಿದ ಹಳೆಯ ಶಾಯಿ ಕಟ್ಟಿಕೊಂಡಿದ್ದರೆ ಸರಿಯಾದ ಕಾರ್ಟ್ರಿಜ್ ಹಾಕಿದರೂ ಪೆನ್ನು ಬರೆಯುವುದಿಲ್ಲ.